ಏಪ್ರಿಲ್ ಐದರೊಳಗೆ

ಫೆಬ್ರವರಿ ಬಂತೆಂದರೆ ಹಾಸನದ ಆಫೀಸುಗಳಲ್ಲಿ ಎರಡು ಥರದವರ ಓಡಾಟ ಜಾಸ್ತಿ. ‘ಸಾರ್, ನಾಳೆಯೊಳಗೆ ರಸೀದಿ ಕೊಡಿ, ಇಲ್ಲಾಂದ್ರೆ ಸಂಬಳದಲ್ಲಿ ಟ್ಯಾಕ್ಸ್ ಹಿಡೀತೀವಿ’ ಎನ್ನುವ ಅಕೌಂಟ್ಸ್‌ನವರು ಒಬ್ಬರು, ಸಮಯ ನೋಡಿಕೊಂಡು ಪಾಲಿಸಿ ಫಾರಂ ಹಿಡಿದು ಬರುವ ಏಜೆಂಟರು ಇನ್ನೊಬ್ಬರು. ಮೊದಲನೆಯವರು ಹುಟ್ಟಿಸಿದ ಗಾಬರಿಗೆ ಎರಡನೆಯವರ ಪೆನ್ನಿನಲ್ಲಿ ಸಹಿ ಬೀಳುತ್ತದೆ.

ಈ ಗಾಬರಿಯಲ್ಲಿ ಸಹಿ ಹಾಕುವ ಬಹಳ ಜನಕ್ಕೆ ತೆರಿಗೆಗಾಗಿ ಪಾಲಿಸಿಯ ಅಗತ್ಯವೇ ಇರುವುದಿಲ್ಲ ಎನ್ನುವುದು ತಮಾಷೆ. 2025ರ ಏಪ್ರಿಲ್‌ನಿಂದ ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷ 75 ಸಾವಿರದವರೆಗಿನ ಸಂಬಳಕ್ಕೆ ತೆರಿಗೆಯೇ ಇಲ್ಲ. ಆ ಪದ್ಧತಿಯಲ್ಲಿ ಪಿಎಫ್, ವಿಮೆ ಕಂತಿನಂಥವಕ್ಕೆ ಸಿಗುವ 80ಸಿ ವಿನಾಯಿತಿಯೂ ಇಲ್ಲ. ಒಂಬತ್ತು ಲಕ್ಷ ಸಂಬಳದವರು ಅಲ್ಲಿದ್ದುಕೊಂಡೇ ತೆರಿಗೆ ಉಳಿಸಲೆಂದು ಪಾಲಿಸಿ ಮಾಡಿಸಿದರೆ ಉಳಿಯುವುದು ಸೊನ್ನೆ.

ಹಳೆ ಪದ್ಧತಿ ಈಗಲೂ ಲಾಭವೆನಿಸುವುದು ಕೆಲವರಿಗೆ ಮಾತ್ರ. ಬೆಂಗಳೂರಲ್ಲಿ ದೊಡ್ಡ ಬಾಡಿಗೆ ಕಟ್ಟುತ್ತಾ, ಹಾಸನದಲ್ಲಿ ಸಾಲ ಮಾಡಿ ಮನೆ ಕಟ್ಟಿಸಿದವರನ್ನು ತೆಗೆದುಕೊಳ್ಳಿ. ಬಾಡಿಗೆ ಭತ್ಯೆಯ ವಿನಾಯಿತಿ, ಸಾಲದ ಬಡ್ಡಿ, 80ಸಿ ಮೂರೂ ಸೇರಿದಾಗ ಲೆಕ್ಕ ಅವರ ಕಡೆ ವಾಲಬಹುದು. ಏಪ್ರಿಲ್‌ನಲ್ಲೇ ಒಂದು ಹಾಳೆ ಹಿಡಿದು ಎರಡೂ ಪದ್ಧತಿಯ ತೆರಿಗೆ ಹಾಕಿ ನೋಡಬೇಕು.

ಹಳೆಯದೇ ವಾಸಿ ಎನಿಸಿದರೆ, 80ಸಿಯ ಒಂದೂವರೆ ಲಕ್ಷದಲ್ಲಿ ಆಗಲೇ ತುಂಬಿರುವುದನ್ನು ಮೊದಲು ಕಳೆಯಿರಿ. ಸಂಬಳದಲ್ಲಿ ಹಿಡಿಯುವ ಪಿಎಫ್ ತಿಂಗಳಿಗೆ ಆರು ಸಾವಿರ ಎಂದರೆ ವರ್ಷಕ್ಕೆ 72,000. ಮನೆ ಸಾಲದ ಅಸಲು 45,000 ಎಂದಿಟ್ಟುಕೊಳ್ಳಿ. ಉಳಿದದ್ದು 33,000, ಅಷ್ಟೇ. ಮಕ್ಕಳ ಟ್ಯೂಷನ್ ಫೀ ಇದ್ದರೆ ಇನ್ನೂ ಕಡಿಮೆ (ವ್ಯಾನ್ ಬಾಡಿಗೆ, ಡೊನೇಷನ್ ಲೆಕ್ಕಕ್ಕಿಲ್ಲ).

ಫೆಬ್ರವರಿಯಲ್ಲಿ ಈ ಲೆಕ್ಕ ಮಾಡಲು ಯಾರಿಗೂ ಪುರುಸೊತ್ತಿರುವುದಿಲ್ಲ. ಬೇಕಾಗಿದ್ದು ಈ ವರ್ಷದ 33,000. ಸಹಿ ಹಾಕಿದ್ದು ಇಪ್ಪತ್ತು ವರ್ಷದ ಕಂತಿಗೆ. ಮರುವರ್ಷ ಕೈಬಿಟ್ಟರೆ ಕಟ್ಟಿದ ಹಣ ಪೂರ್ತಿ ವಾಪಸ್ ಬರುವುದಿಲ್ಲ. ಜೊತೆಗೆ, ಎರಡು ವರ್ಷದ ಪ್ರೀಮಿಯಂ ಕಟ್ಟುವ ಮೊದಲೇ ನಿಂತ ಪಾಲಿಸಿಗೆ ಹಿಂದೆ ಪಡೆದ ವಿನಾಯಿತಿಯೂ ಮತ್ತೆ ಆದಾಯವಾಗಿ ತೆರಿಗೆಗೆ ಸೇರುತ್ತದೆ. ಕುಟುಂಬಕ್ಕೆ ವಿಮೆ ಬೇಕೇ ಎನ್ನುವುದು ಬೇರೆಯೇ ಪ್ರಶ್ನೆ, ಅದನ್ನು ಇದರೊಳಗೆ ತುರುಕಬಾರದು.

ಹದಿನೈದು ವರ್ಷ ಮುಟ್ಟದೆ ಇಡಬಲ್ಲ ದುಡ್ಡಾದರೆ ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ತೆರೆಯುವ ಪಿಪಿಎಫ್ ಉಳಿತಾಯ ಖಾತೆ ಸಾಕು. ಅದರಲ್ಲಿ ಬಡ್ಡಿ ಲೆಕ್ಕ ಹಾಕುವುದು ತಿಂಗಳ ಐದನೇ ತಾರೀಖಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿದ್ದ ಕನಿಷ್ಠ ಮೊತ್ತಕ್ಕೆ. 33,000ವನ್ನು ಏಪ್ರಿಲ್ ಐದರೊಳಗೆ ಹಾಕಿದರೆ ಶೇಕಡಾ 7.1ರ ದರದಲ್ಲಿ ಆ ವರ್ಷಕ್ಕೆ 2,343 ರೂಪಾಯಿ ಬಡ್ಡಿ. ಮಾರ್ಚ್ ಕೊನೆಗೆ ಹಾಕಿದರೆ ವಿನಾಯಿತಿ ಅಷ್ಟೇ, ಆ ವರ್ಷದ ಬಡ್ಡಿ ಏನೂ ಇಲ್ಲ. ಏಪ್ರಿಲ್ ಒಂದರಂದು ಲೆಕ್ಕಪತ್ರದ ಕಾರಣ ಬ್ಯಾಂಕ್ ಕೌಂಟರ್ ಮುಚ್ಚಿರುತ್ತದೆ. ಚೆಕ್ ಕೊಡುವವರು ಅದು ಪಾಸಾಗುವ ದಿನವನ್ನೂ ಸೇರಿಸಿಕೊಂಡು ಎರಡು ಅಥವಾ ಮೂರನೇ ತಾರೀಖಿಗೇ ಹೋಗಬೇಕು.