ಪಾಯಸಕ್ಕೆ ನಿಮಿಷಕ್ಕೆ ಐದು ರೂಪಾಯಿ

ನನ್ನ ಮಾವನವರು ಕೆ.ಇ.ಬಿ.ಯಲ್ಲಿ ಮೀಟರ್ ರೀಡರ್ ಆಗಿದ್ದವರು. ಕೆ.ಇ.ಬಿ. ಹೋಗಿ ಬೆಸ್ಕಾಂ, ಚೆಸ್ಕಾಂ ಬಂದು ಇಪ್ಪತ್ತು ವರ್ಷ ದಾಟಿದರೂ ಅವರ ಬಾಯಲ್ಲಿ ಇಂದಿಗೂ ಅದು ಕೆ.ಇ.ಬಿ.ಯೇ. ಅಂಥವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲೆಕ್ಟ್ರಿಕ್ ಕಾರು ಓಡಿಸಿದರೆ ದಾರಿಯುದ್ದಕ್ಕೂ ಯೂನಿಟ್ ಲೆಕ್ಕ ಒಪ್ಪಿಸಬೇಕಾಗುತ್ತದೆ.

ಹೋದ ತಿಂಗಳು ಹಾಸನದಲ್ಲಿ ನಾಮಕರಣ ಮುಗಿಸಿ ಬೆಂಗಳೂರಿಗೆ ವಾಪಸಾಗುತ್ತಿದ್ದೆವು. ನೆಂಟರ ಮನೆಯಲ್ಲಿ ಕಾರಿಗೆ ಚಾರ್ಜ್ ಹಾಕಲು ಸಂಕೋಚ. ಉಪ್ಪಿಟ್ಟು ಎರಡನೇ ಸಲ ಕೇಳಬಹುದು, ಕರೆಂಟ್ ಕೇಳೋದು ಹೇಗೆ? ಹಾಗಾಗಿ ಯಡಿಯೂರು ಹತ್ತಿರ ಬರುವಷ್ಟರಲ್ಲಿ ಬ್ಯಾಟರಿ 24 ಪರ್ಸೆಂಟಿಗೆ ಇಳಿದಿತ್ತು. ಹೆದ್ದಾರಿ ಪಕ್ಕದ ಒಂದು ಹೋಟೆಲಿನ ಅಂಗಳದಲ್ಲಿ ಫಾಸ್ಟ್ ಚಾರ್ಜರ್ ಕಂಡಿತು. ಕಂಬದ ಮೇಲೆ ಬರೆದಿತ್ತು: ಯೂನಿಟ್ಟಿಗೆ 22 ರೂಪಾಯಿ.

"ಮನೇಲಿ ಆರು ರೂಪಾಯಿ ಆಸುಪಾಸು ಬೀಳತ್ತಲ್ರೀ ಅಳಿಯಂದ್ರೇ" ಎಂದರು ಮಾವ.

"ಇದು ಫಾಸ್ಟು ಮಾವ. ಮನೇಲಿ ರಾತ್ರಿಯೆಲ್ಲ ಆಗೋದು ಇಲ್ಲಿ ಮುಕ್ಕಾಲು ಗಂಟೇಲಿ ಆಗತ್ತೆ. ನಾವು ಊಟ ಮುಗಿಸೋದ್ರೊಳಗೆ ರೆಡಿ."

ಈ ಕೊನೆಯ ಮಾತು ನನಗೆ ಎಷ್ಟಕ್ಕೆ ಬಿತ್ತು ಅಂತ ಆಮೇಲೆ ಹೇಳುತ್ತೇನೆ.

ಗನ್ ಸಿಕ್ಕಿಸಿದೆ, ಆ್ಯಪಿನಲ್ಲಿ ಶುರು ಒತ್ತಿದೆ. ಒಂದು ನಿಮಿಷ ಗುಂಯ್ ಅಂದ ಚಾರ್ಜರ್ ಸುಮ್ಮನಾಯಿತು. ಹೋಟೆಲಿನ ಸೆಕ್ಯುರಿಟಿ ಅಣ್ಣ ಬೀಡಿ ಆರಿಸಿ ಹತ್ತಿರ ಬಂದ. "ಕೇಬಲ್ಲು ಭಾರ ಸಾರ್, ಗನ್ನು ಕೆಳಕ್ಕೆ ಜಗ್ಗತ್ತೆ. ಸ್ವಲ್ಪ ಎತ್ತಿ ಹಿಡ್ಕೊಂಡು ಒತ್ತಿ. ಒಳಗೆ ಟಕ್ ಅನ್ಬೇಕು." ಎತ್ತಿ ಹಿಡಿದೆ. ಟಕ್ ಅಂತು. ಮತ್ತೆ ಶುರು. ಎರಡು ನಿಮಿಷ ಚೆನ್ನಾಗಿ ಓಡಿತು, ಅಷ್ಟರಲ್ಲಿ ಇಡೀ ಹೋಟೆಲಿನ ಕರೆಂಟೇ ಹೋಯಿತು. ಜನರೇಟರ್ ಹತ್ತಿ ಫ್ಯಾನುಗಳು ತಿರುಗಿದವು, ಚಾರ್ಜರ್ ಮಾತ್ರ ತಿರುಗಿಯೂ ನೋಡಲಿಲ್ಲ. ಲೈನ್ ಬಂದ ಮೇಲೆ, 12:26ಕ್ಕೆ, ಮೂರನೇ ಸಲ ಶುರು ಮಾಡಿದೆ. 80 ಪರ್ಸೆಂಟಿಗೆ ನಿಲ್ಲಲಿ ಅಂತ ಮಿತಿ ಹಾಕಿದೆ. ಎಂಬತ್ತರ ಮೇಲೆ ಬ್ಯಾಟರಿ ಕರೆಂಟನ್ನು ಗುಟುಕು ಗುಟುಕಾಗಿ ಕುಡಿಯುತ್ತದೆ, ಸುಮ್ನೆ ಕಾಯಬೇಕು. ನನ್ನ ಫೋನ್ 4 ಪರ್ಸೆಂಟಿಗೆ ಬಂದಿತ್ತು. ಅದನ್ನೂ ಕಾರಿನೊಳಗಿನ ವೈರಿಗೆ ಸಿಕ್ಕಿಸಿ, ಬಾಗಿಲು ಹಾಕಿ, ಊಟಕ್ಕೆ ಹೋದೆ.

ಭಾನುವಾರ. ಎಲೆ ಸಿಗುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಮಾವನವರು ಊಟದ ವಿಷಯದಲ್ಲಿ ಸ್ಲೋ ಚಾರ್ಜರ್. ಸಾರು, ಹುಳಿ, ಪಲ್ಯ ಮುಗಿದು ಎರಡನೇ ಸಲ ಪಾಯಸ ಬಡಿಸಿಕೊಳ್ಳುತ್ತಿದ್ದಾಗ ಒಬ್ಬ ಹುಡುಗ ಕಾರಿನ ಕೀ ಗಿರಗಿರ ತಿರುಗಿಸುತ್ತಾ ಮೇಜಿನ ಹತ್ತಿರ ಬಂದ.

"ಸಾರ್, ಆ ಬಿಳಿ ಕಾರು ನಿಮ್ದಾ? ಚಾರ್ಜ್ ಆಗಿ ಬಹಳ ಹೊತ್ತಾಯ್ತು. ನಂದು 9 ಪರ್ಸೆಂಟ್ ಇದೆ ಸಾರ್."

ಎಂಜಲು ಕೈಯಲ್ಲೇ ಓಡಿದೆ. ಗನ್ನು ಕಾರಿಗೆ ಲಾಕ್ ಆಗಿರುತ್ತದೆ, ಕೀ ಇಲ್ಲದೆ ಆ ಹುಡುಗನಿಗೆ ಬಿಚ್ಚಲೂ ಆಗದು. ಕೀ ನನ್ನ ಹೆಂಡತಿಯ ಬ್ಯಾಗಿನಲ್ಲಿ. ವಾಪಸ್ ಓಡಿದೆ. ಅಂತೂ ಬಿಚ್ಚುವಾಗ 1:59. ಕಾರಿನೊಳಗೆ ಫೋನ್ ಮಿನುಗುತ್ತಿತ್ತು. 1:12ಕ್ಕೆ ಮೆಸೇಜ್: ಚಾರ್ಜಿಂಗ್ ಮುಗಿದಿದೆ, 15 ನಿಮಿಷದ ನಂತರ ಐಡಲ್ ಫೀ ಶುರು. ಅದರ ಕೆಳಗೆ ಇನ್ನೂ ನಾಲ್ಕು ಮೆಸೇಜ್, ಒಂದಕ್ಕಿಂತ ಒಂದು ಕಟುವಾಗಿ.

ಬಿಲ್ಲು 888 ರೂಪಾಯಿ 54 ಪೈಸೆ.

"ಮೋಸ!" ಎಂದೆ. "ಕಂಬದ ಮೇಲೆ 22 ಅಂತ ಬರೆದು..."

"ಇಲ್ಲಿ ಕೊಡಿ" ಎಂದು ಮಾವ ಕನ್ನಡಕ ಏರಿಸಿದರು. ಅವರ ಮುಖದಲ್ಲಿ ಅಷ್ಟು ಖುಷಿ ನಾನು ನಾಮಕರಣದಲ್ಲೂ ನೋಡಿರಲಿಲ್ಲ.

ಅವರ ಪ್ರಕಾರ ನನ್ನ ಮೊದಲ ತಪ್ಪು, ಒಂದು ಸಲ ಚಾರ್ಜ್ ಮಾಡಿದೆ ಅಂದುಕೊಂಡದ್ದು. ಚಾರ್ಜರಿನ ಲೆಕ್ಕದಲ್ಲಿ ನಾನು ಮೂರು ಸಲ ಬಂದ ಗಿರಾಕಿ. ಪ್ರತಿ ಸಲ ಶುರು ಒತ್ತಿದಾಗಲೂ ಹೊಸ ಸೆಷನ್. ಪ್ರತಿ ಸೆಷನ್ನಿಗೂ ಕನಿಷ್ಠ 60 ರೂಪಾಯಿ. ಮೊದಲನೇ ಸಲ ಹೋದದ್ದು 0.3 ಯೂನಿಟ್, ಅಂದರೆ 6 ರೂಪಾಯಿ 60 ಪೈಸೆಯ ಕರೆಂಟು. ಎರಡನೇ ಸಲ 0.9 ಯೂನಿಟ್. ಎರಡಕ್ಕೂ ಬಿದ್ದದ್ದು ತಲಾ 60.

"ಆಟೋ ಮಿನಿಮಮ್ ಇದ್ದ ಹಾಗೆ ಕಣ್ರೀ. ಬೆಂಗಳೂರಲ್ಲಿ ಎರಡು ಕಿಲೋಮೀಟರಿಗೆ 36 ರೂಪಾಯಿ. ಪಕ್ಕದ ರಸ್ತೇಲಿ ಇಳಿದ್ರೂ 36 ಕೊಡ್ಬೇಕು. ದೂರ ಹೋದ್ರೆ ಅದು ಬಾಡಿಗೆ ಒಳಗೇ ಸೇರ್ಕೊಳ್ಳತ್ತೆ. ಇಲ್ಲೂ ಅಷ್ಟೇ. ಮೂರು ಯೂನಿಟ್ ದಾಟಿದ್ರೆ ಈ 60ರ ಕಾಟ ಇಲ್ಲ. ನೀವು ಮೂರು ಸಲ ಆಟೋ ಹತ್ತಿ, ಎರಡು ಸಲ ಗೇಟಲ್ಲೇ ಇಳಿದ್ರಿ."

ಮೂರನೇ ಸೆಷನ್ ನೆಟ್ಟಗಿತ್ತು. 21.5 ಯೂನಿಟ್, 22ರಂತೆ 473 ರೂಪಾಯಿ. ಅದರಡಿ ಐಡಲ್ ಫೀ. ಚಾರ್ಜ್ ಮುಗಿದ ಮೇಲೆ ಗನ್ ಬಿಚ್ಚಲು ತೆಗೆದುಕೊಂಡ 47 ನಿಮಿಷದಲ್ಲಿ 15 ಮಾಫಿ. ಉಳಿದ 32 ನಿಮಿಷಕ್ಕೆ, ನಿಮಿಷಕ್ಕೆ ಐದರಂತೆ 160.

"ಆದ್ರೆ ಮಾವ, 100 ತುಂಬೇ ಇರಲಿಲ್ಲವಲ್ಲ. ಮುಗೀತು ಅಂತ ಹೇಗೆ ಹೇಳ್ತಾರೆ?"

"80ಕ್ಕೆ ನಿಲ್ಲಿಸು ಅಂದೋರು ಯಾರು?"

ನಾನೇ. ಬ್ಯಾಟರಿ ಎಷ್ಟು ತುಂಬಿದೆ ಅನ್ನುವುದು ಐಡಲ್ ಫೀಗೆ ಬೇಕಿಲ್ಲ. ಕರೆಂಟ್ ಹರಿಯುವುದು ನಿಂತ ಗಳಿಗೆಯಿಂದ ಗಡಿಯಾರ ಓಡುತ್ತದೆ. ನಾನು ಕರೆಂಟಿಗಲ್ಲ, ಜಾಗಕ್ಕೆ ಬಾಡಿಗೆ ಕಟ್ಟುತ್ತಿದ್ದೆ. ಆ ಒಂಬತ್ತು ಪರ್ಸೆಂಟ್ ಹುಡುಗನ ಮುಖ ನೆನೆದರೆ ಬಾಡಿಗೆ ಜಾಸ್ತಿ ಅನ್ನಲು ಬಾಯಿ ಬರುವುದಿಲ್ಲ.

ಎಲ್ಲ ಸೇರಿ 753. ಅದರ ಮೇಲೆ 18 ಪರ್ಸೆಂಟ್ ಜಿ.ಎಸ್.ಟಿ., 135 ರೂಪಾಯಿ 54 ಪೈಸೆ. ಕಂಬದ ಮೇಲಿನ 22ರಲ್ಲಿ ತೆರಿಗೆ ಸೇರಿರಲಿಲ್ಲ. ಪಾಯಸ ತಿಂದ ತಪ್ಪಿಗೆ ಬಿದ್ದ ಐಡಲ್ ಫೀಗೂ ತೆರಿಗೆ! ಗನ್ ಒಂದೇ ಸಲಕ್ಕೆ ಕಚ್ಚಿ, ನಾನೂ ಸಮಯಕ್ಕೆ ಎದ್ದಿದ್ದರೆ ಅಷ್ಟೇ ಕರೆಂಟಿಗೆ ತೆರಿಗೆ ಸೇರಿ 589 ಆಗುತ್ತಿತ್ತು. ಈಗ ಯೂನಿಟ್ಟಿಗೆ 39 ಚಿಲ್ಲರೆ ಬಿತ್ತು.

ಆದರೂ ಮಾವ ಬಿಡಲಿಲ್ಲ. ಸೆಷನ್ ಯಾಕೆ ನಿಂತಿತು ಅನ್ನುವುದು ಆ್ಯಪಿನಲ್ಲಿ ಎಲ್ಲಾದರೂ ಇರಲೇಬೇಕು ಎಂದು ಹುಡುಕಿಸಿದರು. ಹಿಸ್ಟರಿಯಲ್ಲಿ ಸಿಕ್ಕಿತು. ಮೊದಲನೆಯದಕ್ಕೆ `EVDisconnected` ಅಂತಿತ್ತು. ಎರಡನೆಯದಕ್ಕೆ `PowerLoss`.

"ಮೊದಲನೇದು ನಿಮ್ಮ ಕೈಗುಣ, ಬಿಟ್ಬಿಡಿ. ಎರಡನೇದಕ್ಕೆ ಅರ್ಜಿ ಹಾಕಿ. ಸಪ್ಲೈ ಹೋಗಿದ್ದಕ್ಕೆ ಗಿರಾಕಿ ಯಾಕೆ ದಂಡ ಕಟ್ಬೇಕು?"

ಹೊತ್ತು, ಸೆಷನ್ ನಂಬರ್, ಆ ಪದದ ಫೋಟೊ ಸೇರಿಸಿ ದೂರು ಬರೆದೆ. ನಾಲ್ಕನೇ ದಿನ 70 ರೂಪಾಯಿ 80 ಪೈಸೆ ವಾಲೆಟ್ಟಿಗೆ ವಾಪಸ್ ಬಂತು, ತೆರಿಗೆ ಸಮೇತ. ಮಾವನಿಗೆ ಫೋನ್ ಮಾಡಿ ಹೇಳಿದೆ. ಅವರಿಗೆ ಬೇರೆಯದೇ ಚಿಂತೆ.

"ಆವತ್ತು ಕಾರಲ್ಲಿಟ್ಟ ಫೋನು ನಾಲ್ಕರಿಂದ ಎಷ್ಟಕ್ಕೆ ಏರಿತ್ತು?"

"57 ಮಾವ."

"ನಾನೂ ಹಾಗೇ ಅಂದ್ಕೊಂಡೆ. ಅಂದ್ರೆ ಸುಮಾರು ಯೂನಿಟ್ಟಿನ ನೂರನೇ ಒಂದು ಭಾಗ. ಅದು ನಿಮ್ಮ ಜೇಬಲ್ಲಿದ್ದಿದ್ರೆ ಐಡಲ್ ಫೀ ಬೀಳ್ತಾನೇ ಇರಲಿಲ್ಲ. ತೆರಿಗೆ ಸೇರಿ 188 ರೂಪಾಯಿ 80 ಪೈಸೆ." ಆ ಕಡೆ ಪೆನ್ನು ಗೀಚುವ ಸದ್ದು. "ಅಳಿಯಂದ್ರೇ, ಫೋನಿಗೆ ಯೂನಿಟ್ಟಿಗೆ 18,880 ಬಿತ್ತು."