ವೇದಿಕೆ ಹತ್ತದ ಅಭ್ಯರ್ಥಿ

ಚುನಾವಣೆ ಮುಗಿದು ತಿಂಗಳೆರಡು ತಿಂಗಳಿಗೆ ಬರುವ ಆ ಸುದ್ದಿ ನಿಮಗೂ ಗೊತ್ತು. ಗೆದ್ದವರೆಲ್ಲ ಖರ್ಚಿನ ಲೆಕ್ಕ ಒಪ್ಪಿಸಿದ್ದಾರೆ, ಯಾರೂ ಮಿತಿ ದಾಟಿಲ್ಲ. ದಾಟುವುದಿರಲಿ, ಹೆಚ್ಚಿನವರು ಮಿತಿಯ ಹತ್ತಿರಕ್ಕೂ ಸುಳಿದಿಲ್ಲ. ನಮ್ಮಂಥ ದೊಡ್ಡ ರಾಜ್ಯದಲ್ಲಿ ವಿಧಾನಸಭೆ ಅಭ್ಯರ್ಥಿಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ, ಇದು 2022ರಲ್ಲಿ ಏರಿಸಿದ ಮಿತಿ. ಕರ್ನಾಟಕದ ಒಂದು ವಿಧಾನಸಭಾ ಕ್ಷೇತ್ರದಲ್ಲಿ ಸರಾಸರಿ ಎರಡು ಲಕ್ಷದ ಮೂವತ್ತು ಸಾವಿರದಷ್ಟು ಮತದಾರರು. 40 ಲಕ್ಷವನ್ನು ಅಷ್ಟು ತಲೆಗೆ ಹಂಚಿದರೆ ತಲೆಗೆ ಹದಿನೇಳು ರೂಪಾಯಿ. ಅದರಲ್ಲೇ ಜೀಪು, ಮೈಕು, ಶಾಮಿಯಾನ, ಹಾರ, ಕರಪತ್ರ, ಕಾರ್ಯಕರ್ತರ ಉಪ್ಪಿಟ್ಟು ಎಲ್ಲ ಮುಗಿಸಿ ಇನ್ನೂ ಉಳಿಸಿದ್ದಾರೆ. ಮಗಳ ಮದುವೆಗೆ ಛತ್ರ ಹುಡುಕುತ್ತಿರುವ ಅಪ್ಪಂದಿರು ಇವರ ಮನೆಮುಂದೆ ಸಾಲು ನಿಲ್ಲಬೇಕು.

ಲೆಕ್ಕವೇನೂ ಬಾಯಿಮಾತಿನದಲ್ಲ, ಮತ್ತೆ. ನಾಮಪತ್ರ ಸಲ್ಲಿಸುವುದಕ್ಕೆ ಕನಿಷ್ಠ ಒಂದು ದಿನ ಮೊದಲು ಅಭ್ಯರ್ಥಿ ಚುನಾವಣೆಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕು. ಒಬ್ಬನಿಗೆ ಇಡೀ ಚುನಾವಣೆಯಲ್ಲಿ ಹತ್ತು ಸಾವಿರಕ್ಕಿಂತ ಹೆಚ್ಚು ನಗದು ಕೊಡುವಂತಿಲ್ಲ. ಆಯೋಗ ಕೊಡುವ ಲೆಕ್ಕದ ಪುಸ್ತಕದಲ್ಲಿ ಮೂರು ಬಣ್ಣದ ಹಾಳೆ: ದಿನದ ಖರ್ಚಿಗೆ ಬಿಳಿ, ನಗದಿಗೆ ಗುಲಾಬಿ, ಬ್ಯಾಂಕಿಗೆ ಹಳದಿ. ಪ್ರಚಾರದ ಅವಧಿಯಲ್ಲಿ ವೆಚ್ಚ ವೀಕ್ಷಕರು ಈ ಪುಸ್ತಕವನ್ನು ಮೂರು ಸಲ ತರಿಸಿಕೊಂಡು ನೋಡುತ್ತಾರೆ. ಅಭ್ಯರ್ಥಿ ಬರೆದದ್ದನ್ನೇ ನಂಬುವುದೂ ಇಲ್ಲ. ಅವನ ಪುಸ್ತಕದ ಪಕ್ಕದಲ್ಲೇ ಅಧಿಕಾರಿಗಳು ತಮ್ಮದೇ ಒಂದು ನೆರಳು ರಿಜಿಸ್ಟರ್ ಇಟ್ಟಿರುತ್ತಾರೆ. ಸಭೆಗೆ ವಿಡಿಯೋ ತಂಡ ಬರುತ್ತದೆ. ಅದು ಭಾಷಣ ಕೇಳುವುದಕ್ಕಲ್ಲ, ಕುರ್ಚಿ ಎಣಿಸುವುದಕ್ಕೆ.

ಈ ಕುರ್ಚಿಯ ವಿಚಾರ ಸ್ವಲ್ಪ ಹೇಳಲೇಬೇಕು. ಪ್ರತಿ ಜಿಲ್ಲೆಯಲ್ಲೂ ಚುನಾವಣಾಧಿಕಾರಿ ಪಕ್ಷದವರನ್ನು ಕೂರಿಸಿಕೊಂಡು ಒಂದು ದರಪಟ್ಟಿ ಮಾಡುತ್ತಾರೆ. ಪ್ಲಾಸ್ಟಿಕ್ ಕುರ್ಚಿಗಿಷ್ಟು, ಕವರು ಹಾಕಿದ ಕುರ್ಚಿಗಿಷ್ಟು, ಸೋಫಾಕ್ಕಿಷ್ಟು. ಚಹಾ, ಊಟ, ಡೊಳ್ಳು, ತಮಟೆ, ಪಟಾಕಿ, ಎಲ್ಲಕ್ಕೂ ಒಂದೊಂದು ರೇಟು. ನೀವು ಭಾವಮೈದನ ಅಂಗಡಿಯಿಂದ ಪುಕ್ಕಟೆ ತಂದರೂ ಲೆಕ್ಕ ಬೀಳುವುದು ಪಟ್ಟಿಯ ದರಕ್ಕೇ. ಅಭ್ಯರ್ಥಿ ಐನೂರು ಕುರ್ಚಿ ಅಂತ ಬರೆದು ವಿಡಿಯೋದಲ್ಲಿ ಎರಡು ಸಾವಿರ ಕಂಡರೆ ನೋಟಿಸು ಬರುತ್ತದೆ, 48 ಗಂಟೆಯೊಳಗೆ ಉತ್ತರ ಕೊಡಬೇಕು. ದೇಶದಲ್ಲಿ ಜನಗಣತಿ ತಡವಾಗಬಹುದು, ಕುರ್ಚಿಗಣತಿ ಮಾತ್ರ ಆವತ್ತಿನದು ಆವತ್ತೇ. ಇಷ್ಟು ಶ್ರದ್ಧೆಯ ಗುಮಾಸ್ತಗಿರಿ ನೋಡಿದಾಗ ನಿಜಕ್ಕೂ ಕೈಮುಗಿಯಬೇಕು ಅನಿಸುತ್ತದೆ.

ಈಗ ವೇದಿಕೆಯ ಕಡೆ ತಿರುಗಿ. ದೊಡ್ಡ ನಾಯಕರೊಬ್ಬರು ಬಂದು ಕೈಬೀಸುತ್ತಿದ್ದಾರೆ. ಮೈದಾನ ತುಂಬಿದೆ. ಯಾರ ಪರವಾಗಿ ಈ ಸಭೆಯೋ ಆ ಅಭ್ಯರ್ಥಿ ಮಾತ್ರ ಕಾಣುತ್ತಿಲ್ಲ. ಹುಡುಕಿದರೆ ಮರದ ಕೆಳಗೋ, ಕಾರಿನೊಳಗೋ ಸಿಗುತ್ತಾನೆ. ವಿನಯ ಅಂದುಕೊಳ್ಳಬೇಡಿ, ಗಣಿತ. ಮಾನ್ಯತೆ ಇರುವ ಪಕ್ಷ 40 ಜನರ ತಾರಾ ಪ್ರಚಾರಕರ ಪಟ್ಟಿ ಕೊಡಬಹುದು, ಮಾನ್ಯತೆ ಇಲ್ಲದ್ದು 20. ಪಟ್ಟಿಯಲ್ಲಿದ್ದವರ ಓಡಾಟದ ಖರ್ಚು ಯಾವ ಅಭ್ಯರ್ಥಿಯ ಲೆಕ್ಕಕ್ಕೂ ಬರುವುದಿಲ್ಲ, ಅವರು ಬಂದಿದ್ದು ಹೆಲಿಕಾಪ್ಟರಿನಲ್ಲಾದರೂ ಸರಿ. ಆದರೆ ಅಭ್ಯರ್ಥಿ ಅವರ ಜೊತೆ ವೇದಿಕೆ ಹತ್ತಿದರೆ, ಅಥವಾ ಅವನ ಹೆಸರು, ಫೋಟೊ ಇರುವ ಬ್ಯಾನರು ಅಲ್ಲಿ ನೇತಾಡಿದರೆ, ಸಭೆಯ ಉಳಿದ ಖರ್ಚು ಅವನ ತಲೆಗೆ. ನಾಲ್ಕಾರು ಅಭ್ಯರ್ಥಿಗಳು ಹತ್ತಿದರೆ ಸಮಪಾಲು.

ಒಂದು ಸಭೆಗೆ 60 ಲಕ್ಷ ಆಯಿತು ಅಂತಿಟ್ಟುಕೊಳ್ಳಿ. ಒಬ್ಬನೇ ಹತ್ತಿದರೆ ಆವತ್ತಿಗೇ 40ರ ಮಿತಿ ಹಾರಿಹೋಗಿ ಅವನ ಕಥೆ ಮುಗಿಯಿತು. ಸುತ್ತಲಿನ ಎಂಟು ಕ್ಷೇತ್ರದವರು ಒಟ್ಟಿಗೆ ಹತ್ತಿದರೆ ತಲಾ ಏಳೂವರೆ ಲಕ್ಷ. ಯಾರೂ ಹತ್ತದಿದ್ದರೆ, ಬ್ಯಾನರಿನಲ್ಲಿ ಪಕ್ಷದ ಚಿಹ್ನೆ ಮತ್ತು ದೊಡ್ಡವರ ಮುಖ ಮಾತ್ರ ಇದ್ದರೆ, ಎಂಟೂ ಜನರಿಗೆ ಸೊನ್ನೆ. ಇಡೀ 60 ಲಕ್ಷ ಪಕ್ಷದ ಖಾತೆಗೆ. ಹೆಲಿಕಾಪ್ಟರಿಗೂ ಇದೇ ನ್ಯಾಯ. ನಾಯಕರ ಪಕ್ಕದ ಸೀಟಿನಲ್ಲಿ ಅಭ್ಯರ್ಥಿ ಕೂತರೆ ಆ ಪ್ರಯಾಣದ ಅರ್ಧ ಖರ್ಚು ಅವನದು. ಆದ್ದರಿಂದ ನಾಯಕರು ಮೇಲೆ ಹಾರುತ್ತಾರೆ, ಅಭ್ಯರ್ಥಿ ಕೆಳಗೆ ಧೂಳು ಕುಡಿಯುತ್ತ ಜೀಪಿನಲ್ಲಿ ಹಿಂಬಾಲಿಸುತ್ತಾನೆ. ಮದುಮಗನಿಲ್ಲದ ಮದುವೆ ಅಂತ ಗಾದೆಗೆ ಹೇಳುತ್ತಿದ್ದರು, ನಮ್ಮ ಕಾನೂನು ಅದನ್ನು ಮಾಡಿ ತೋರಿಸಿದೆ.

ಪಕ್ಷದ ಖಾತೆಗೆ ಹೋದರೆ ಏನಾಯಿತು, ಅದಕ್ಕೂ ಮಿತಿ ಇರಬೇಕಲ್ಲ ಅಂತ ಕೇಳುವ ಮುಗ್ಧರು ಇನ್ನೂ ಇದ್ದಾರೆ. ಇಲ್ಲ. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ವಿಧಾನಸಭೆ ಚುನಾವಣೆ ಮುಗಿದ 75 ದಿನದೊಳಗೆ, ಲೋಕಸಭೆಯದಾದರೆ 90 ದಿನದೊಳಗೆ, ಆಯೋಗಕ್ಕೆ ಒಂದು ಲೆಕ್ಕ ಕಳಿಸಿದರೆ ಮುಗಿಯಿತು. ನೂರು ಕೋಟಿ ಅಂತಲಾದರೂ ಬರೆಯಿರಿ, ಸಾವಿರ ಕೋಟಿ ಅಂತಲಾದರೂ ಬರೆಯಿರಿ, ದಾಟುವುದಕ್ಕೆ ಗೆರೆಯೇ ಇಲ್ಲದ ಮೇಲೆ ದಾಟಿದಿರಿ ಅನ್ನುವವರು ಯಾರು?

ಇದು ಮರೆವಿನಿಂದ ಬಿಟ್ಟುಹೋದ ಕಿಂಡಿಯಲ್ಲ. ಕೈಯಾರೆ ಕೊರೆದದ್ದು, ಕೊರೆದ ತಿಂಗಳೂ ದಾಖಲೆಯಲ್ಲಿದೆ. ದೆಹಲಿಯ ಸದರ್ ಬಜಾರ್ ಕ್ಷೇತ್ರದಿಂದ 1971ರಲ್ಲಿ ಗೆದ್ದ ಅಮರನಾಥ್ ಚಾವ್ಲಾ ಅವರ ಆಯ್ಕೆಯನ್ನು ಕನ್ವರ್ ಲಾಲ್ ಗುಪ್ತ ಪ್ರಶ್ನಿಸಿದರು. 1974ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಸರಳವಾದ ಮಾತು ಹೇಳಿತು: ಅಭ್ಯರ್ಥಿಗೆ ಗೊತ್ತಿದ್ದೂ, ಅವನು ಬೇಡವೆನ್ನದೆ ಅನುಕೂಲ ಪಡೆಯುತ್ತ ಪಕ್ಷ ಅವನಿಗಾಗಿ ಖರ್ಚು ಮಾಡಿದರೆ ಅದು ಅವನದೇ ಖರ್ಚು. ಆಯ್ಕೆ ರದ್ದಾಯಿತು. ಅದೇ ಅಕ್ಟೋಬರ್ ಮುಗಿಯುವುದರೊಳಗೆ ಸುಗ್ರೀವಾಜ್ಞೆ ಬಂತು. ಪ್ರಜಾಪ್ರತಿನಿಧಿ ಕಾಯ್ದೆಯ 77ನೇ ಕಲಮಿಗೆ ಒಂದು ‘ವಿವರಣೆ’ ಅಂಟಿಸಿ, ಪಕ್ಷವಾಗಲಿ ಗೆಳೆಯರಾಗಲಿ ಮಾಡಿದ ಖರ್ಚು ಅಭ್ಯರ್ಥಿಯ ಖರ್ಚಲ್ಲ ಅಂದರು. ಕಿಂಡಿಗೆ ‘ವಿವರಣೆ’ ಅಂತ ಹೆಸರಿಟ್ಟ ಆ ಕರಡುಗಾರನ ಪ್ರತಿಭೆಗೆ ಯಾರೂ ಪ್ರಶಸ್ತಿ ಕೊಡಲಿಲ್ಲ. 2003ರಲ್ಲಿ ಗೆಳೆಯರ ಬಾಗಿಲು ಮುಚ್ಚಿ, ನಾಯಕರ ಓಡಾಟಕ್ಕೆ ಮಾತ್ರ ವಿನಾಯಿತಿ ಉಳಿಸಿದರು. ಪಕ್ಷದ ಸಾಮಾನ್ಯ ಪ್ರಚಾರ ಹೊರಗೇ ಉಳಿಯಿತು. ವೇದಿಕೆ ಹತ್ತದ ಅಭ್ಯರ್ಥಿ ಹುಟ್ಟಿದ್ದು ಆ ಸಂದಿಯಲ್ಲಿ.

ಗಡಿಯಾರದ ವಿಷಯ ಮರೆತೆ. ಕಾಯ್ದೆಯ ಲೆಕ್ಕ ಶುರುವಾಗುವುದು ನಾಮಪತ್ರ ಸಲ್ಲಿಸಿದ ದಿನದಿಂದ, ಮುಗಿಯುವುದು ಫಲಿತಾಂಶದ ದಿನ. ಅದಕ್ಕೂ ತಿಂಗಳುಗಟ್ಟಲೆ ಮೊದಲು ಮನೆಮನೆಗೆ ಬಂದ ಕುಕ್ಕರು, ಸೀರೆ, ತಿರುಪತಿ ಬಸ್ಸು ಯಾವುದೂ ಆ ಮೂರು ಬಣ್ಣದ ಹಾಳೆಗಳಲ್ಲಿ ಕೂರುವುದಿಲ್ಲ. ಅವು ಚುನಾವಣೆಯ ಖರ್ಚಲ್ಲ, ಅಣ್ಣನ ದೊಡ್ಡ ಮನಸ್ಸು.

ಹಾಗಂತ ಯಾರಿಗೂ ಶಿಕ್ಷೆಯೇ ಆಗಿಲ್ಲ ಅಂದರೆ ಅನ್ಯಾಯವಾದೀತು. ಉತ್ತರ ಪ್ರದೇಶದ ಬಿಸೌಲಿಯಿಂದ 2007ರಲ್ಲಿ ಗೆದ್ದ ಉಮ್ಲೇಶ್ ಯಾದವ್ ಅವರನ್ನು ಆಯೋಗ 2011ರ ಅಕ್ಟೋಬರಿನಲ್ಲಿ ಮೂರು ವರ್ಷ ಅನರ್ಹಗೊಳಿಸಿತು. ಪತ್ರಿಕೆಯಲ್ಲಿ ಸುದ್ದಿಯ ವೇಷದಲ್ಲಿ ಬಂದ ಜಾಹೀರಾತಿನ ಖರ್ಚನ್ನು ಲೆಕ್ಕದಲ್ಲಿ ತೋರಿಸಿರಲಿಲ್ಲ. ಬಿಟ್ಟುಹೋದ ಮೊತ್ತ ಇಪ್ಪತ್ತೊಂದು ಸಾವಿರ ಚಿಲ್ಲರೆ. ಸದನದ ಅವಧಿ ಮುಗಿಯಲು ಉಳಿದಿದ್ದು ಕೆಲವೇ ತಿಂಗಳು. ನಾಲ್ಕೂವರೆ ವರ್ಷ ಶಾಸಕಿಯಾಗಿದ್ದು ಆದ ಮೇಲೆ ನ್ಯಾಯ ಬಂದು ಬಾಗಿಲು ತಟ್ಟಿತು. ಪುಣ್ಯಕ್ಕೆ ಅವರು ಮನೆಯಲ್ಲಿದ್ದರು.

ಪಕ್ಷಕ್ಕೆ ದುಡ್ಡು ಎಲ್ಲಿಂದ ಬಂತು ಅನ್ನುವುದು ಇನ್ನೊಂದು ಪುರಾಣ. ಒಬ್ಬರು ವರ್ಷಕ್ಕೆ 20 ಸಾವಿರಕ್ಕಿಂತ ಹೆಚ್ಚು ಕೊಟ್ಟರೆ ಮಾತ್ರ ಅವರ ಹೆಸರನ್ನು ನಮೂನೆ 24ಎನಲ್ಲಿ ತೋರಿಸಬೇಕು. ಅದರೊಳಗಿನದಕ್ಕೆ ಹೆಸರು ಬೇಡ. 2017ರಲ್ಲಿ ನಗದು ದೇಣಿಗೆಯನ್ನು ಎರಡು ಸಾವಿರಕ್ಕೆ ಇಳಿಸಿ ಪಾರದರ್ಶಕತೆ ಬಂತು ಅಂತ ಮೇಜು ಕುಟ್ಟಿದರು. ಹೆಸರಿನ ಮಿತಿ ಮಾತ್ರ 20 ಸಾವಿರದಲ್ಲೇ ನಿಂತಿತು. ಹಾಗಾಗಿ ಒಂದು ಕೋಟಿ ನಗದನ್ನು ಬಿಳಿ ಮಾಡಲು ಮೊದಲು ಐನೂರು ರಸೀದಿ ಸಾಕಿತ್ತು, ಈಗ ಐದು ಸಾವಿರ ರಸೀದಿ ಹರಿಯಬೇಕು. ಮುದ್ರಣಾಲಯದವನಿಗೆ ಒಳ್ಳೆಯದಾಯಿತು. ಒಬ್ಬನೇ ಹತ್ತು ಸಲ ಕೊಟ್ಟರೆ ಕೂಡಿಸಬೇಕು ಅನ್ನುತ್ತದೆ ಕಾನೂನು. ಹೆಸರೇ ಬರೆದುಕೊಳ್ಳದ ಮೇಲೆ ಯಾರ ಲೆಕ್ಕಕ್ಕೆ ಯಾರದನ್ನು ಕೂಡಿಸುವುದು? ಇನ್ನು ಚುನಾವಣಾ ಬಾಂಡಿನ ಕಥೆ ನಿಮಗೆ ಬಾಯಿಪಾಠ. ಕೋರ್ಟು 2024ರ ಫೆಬ್ರವರಿಯಲ್ಲಿ ಅದನ್ನು ರದ್ದು ಮಾಡಿ ಪಟ್ಟಿ ಕೊಡಿ ಅಂದಾಗ, ಕೊಂಡವರ ಹೆಸರು ಒಂದು ಕಡೆ, ಪಡೆದವರ ಹೆಸರು ಇನ್ನೊಂದು ಕಡೆ ಇದೆ, ಹೊಂದಿಸಲು ಜೂನ್ 30ರವರೆಗೆ ಸಮಯ ಬೇಕು ಅಂದಿತು ಬಾಂಡು ಮಾರಿದ ಸ್ಟೇಟ್ ಬ್ಯಾಂಕು. ಅಷ್ಟರಲ್ಲಿ ಲೋಕಸಭೆ ಚುನಾವಣೆ ಮುಗಿದಿರುತ್ತಿತ್ತು. ಕೋರ್ಟು ಒಂದು ದಿನ ಕೊಟ್ಟಿತು. ಪಟ್ಟಿ ಬಂತು.

ಈಗ ನಗು ಬರುವುದಿಲ್ಲ. 2023ರ ನಮ್ಮ ವಿಧಾನಸಭೆ ಚುನಾವಣೆಯಲ್ಲಿ ಆಯೋಗದವರು ಹಿಡಿದ ಮಾಲಿನ ಮೌಲ್ಯ 375 ಕೋಟಿ ದಾಟಿತ್ತು, ಅದರಲ್ಲಿ ನಗದೇ 147 ಕೋಟಿ. ಗೆದ್ದ 224 ಶಾಸಕರೂ ತಲಾ 40 ಲಕ್ಷವನ್ನು ಪೈಸೆ ಬಿಡದೆ ಖರ್ಚು ಮಾಡಿದ್ದರೂ ಆಗುವುದು ಸುಮಾರು 90 ಕೋಟಿ. ಸಿಕ್ಕಿಬಿದ್ದ ನೋಟೇ ಅದರ ಒಂದೂವರೆ ಪಟ್ಟು. ಸಿಕ್ಕದ್ದು ಎಷ್ಟೋ ನೀವೇ ಊಹಿಸಿ. ಇದೆಲ್ಲ ಸರ್ಕಾರಿ ಅಂಕಿ, ಗುಟ್ಟೇನಲ್ಲ. ಎರಡೂ ಅಂಕಿ ಒಂದೇ ಇಲಾಖೆಯ ಕಪಾಟಿನಲ್ಲಿವೆ, ಒಂದನ್ನೊಂದು ಮುಖ ನೋಡುವುದಿಲ್ಲ. ಪಕ್ಷದ ಖರ್ಚಿಗೊಂದು ಮಿತಿ ಹಾಕಲು ಸಂವಿಧಾನ ತಿದ್ದುಪಡಿ ಬೇಕಿಲ್ಲ, ಕಾಯ್ದೆಯಲ್ಲೊಂದು ಕಲಮು ಸಾಕು. ಐವತ್ತು ವರ್ಷದಲ್ಲಿ ಎಲ್ಲ ಬಣ್ಣದ ಸರ್ಕಾರಗಳೂ ಬಂದು ಹೋದವು. ಒಬ್ಬರೂ ಬರೆಯಲಿಲ್ಲ. ಬರೆಯುವವರೂ ಅವರೇ, ವೇದಿಕೆಯ ಮೇಲೆ ಕೈಬೀಸುವವರೂ ಅವರೇ.

ಮುಂದಿನ ಚುನಾವಣೆಯ ದರಪಟ್ಟಿ ಸಭೆಗೆ ಪಕ್ಷದವರಿಗೆ ಆಹ್ವಾನ ಹೋಗುತ್ತದೆ. ಅವರೂ ತಪ್ಪದೆ ಬರುತ್ತಾರೆ, ಕವರು ಹಾಕಿದ ಕುರ್ಚಿಗೆ ಎರಡು ರೂಪಾಯಿ ಜಾಸ್ತಿ ಹಾಕಿದ್ದೀರಿ, ಬಡ ಅಭ್ಯರ್ಥಿಗೆ ಹೊರೆಯಾಗುತ್ತದೆ ಅಂತ ಜಗಳ ತೆಗೆಯುತ್ತಾರೆ.