ಪಿಯುಸಿ ಹುಡುಗರಿಗೆ ರೈಲು ಪಾಸ್ ಫ್ರೀ. ಕಾಲೇಜು ಆಫೀಸಿಗೆ ಯಾರಾದ್ರೂ ಹೇಳ್ರಪ್ಪಾ!

ಇವತ್ತು ಬೆಳಗ್ಗೆಯೇ ತಲೆ ಕೆಟ್ಟುಹೋಯಿತು. ಅಣ್ಣನ ಮಗನ ಜೊತೆ ರೈಲ್ವೆ ಟಿಕೆಟ್ ಕೌಂಟರಿಗೆ ಹೋಗಿದ್ದೆ. ಅವನು ಮೊದಲ ಪಿಯುಸಿ. ಮನೆ ಆನಂದಪುರದ ಹತ್ತಿರ, ಕಾಲೇಜು ಶಿವಮೊಗ್ಗದಲ್ಲಿ. ಕಾಲೇಜಿನಿಂದ ತಂದ ಪತ್ರವನ್ನು ಕೌಂಟರಿನವರು ಒಂದು ಸಲ ಓದಿ ವಾಪಸ್ ಕೊಟ್ಟರು. ಅವರ ಮೇಲೆ ನನಗೆ ಕೋಪವಿಲ್ಲ. ಪತ್ರವೇ ಹಾಗಿತ್ತು.

ಎಷ್ಟೋ ಜನರಿಗೆ ಗೊತ್ತಿಲ್ಲದ ವಿಷಯ ಇದು. ಮನೆಯಿಂದ ಶಾಲೆ, ಕಾಲೇಜಿಗೆ ಓಡಾಡಲು ರೈಲ್ವೆಯವರು ಸೆಕೆಂಡ್ ಕ್ಲಾಸಿನ ತಿಂಗಳ ಪಾಸನ್ನು ಹುಡುಗರಿಗೆ ಹನ್ನೆರಡನೇ ತರಗತಿಯವರೆಗೆ, ಹುಡುಗಿಯರಿಗೆ ಡಿಗ್ರಿ ಮುಗಿಯುವವರೆಗೆ ಉಚಿತವಾಗಿ ಕೊಡುತ್ತಾರೆ. ಅರ್ಧ ದರವಲ್ಲ, ಪೂರ್ತಿ ಉಚಿತ. ಬೇಕಾಗಿರುವುದು ಪ್ರಿನ್ಸಿಪಾಲರ ಸಹಿ, ಸೀಲು ಇರುವ ಒಂದು ಪತ್ರ.

ಆ ಪತ್ರ ಕೇಳಲು ಹೋದಾಗ ಕಾಲೇಜು ಆಫೀಸಿನವರು ಹೇಳಿದ್ದೇನು ಗೊತ್ತಾ? "ಫ್ರೀ ಎಲ್ಲ ಹೆಣ್ಣುಮಕ್ಕಳಿಗೆ ಕಣಪ್ಪಾ, ನಿಂಗೆಲ್ಲಿ ಫ್ರೀ?" ಅಂದರೆ 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯನ್ನು ರೈಲಿಗೂ ಓಡಿಸಿಬಿಟ್ಟರು! ಅದು ರಾಜ್ಯ ಸರ್ಕಾರದ ಬಸ್ಸು, ಇದು ರೈಲ್ವೆ. ಹುಡುಗ ಮತ್ತೆ ಮತ್ತೆ ಕೇಳಿದ್ದಕ್ಕೆ, ಎಲ್ಲದಕ್ಕೂ ಕೊಡುವ ಸ್ಟಡಿ ಸರ್ಟಿಫಿಕೇಟನ್ನೇ ಪ್ರಿಂಟ್ ತೆಗೆದು ಕೊಟ್ಟಿದ್ದಾರೆ. 'ಈತ ನಮ್ಮ ಕಾಲೇಜಿನ ವಿದ್ಯಾರ್ಥಿ, ನಡತೆ ಉತ್ತಮ.' ನಡತೆ ಉತ್ತಮ, ಸಂತೋಷ. ಆದರೆ ಎಲ್ಲಿಂದ ಎಲ್ಲಿಗೆ ಪಾಸ್ ಕೊಡಬೇಕು?

ಪತ್ರದಲ್ಲಿ ಹುಡುಗನ ಹೆಸರು, ಹುಟ್ಟಿದ ದಿನಾಂಕ, ಓದುತ್ತಿರುವ ತರಗತಿ, ಯಾವ ಶೈಕ್ಷಣಿಕ ವರ್ಷ, ಮನೆ ವಿಳಾಸ ಇರಬೇಕು. ಎಲ್ಲಕ್ಕಿಂತ ಮುಖ್ಯ, ಮನೆಗೆ ಹತ್ತಿರದ ಸ್ಟೇಷನ್ ಯಾವುದು, ಕಾಲೇಜಿಗೆ ಹತ್ತಿರದ ಸ್ಟೇಷನ್ ಯಾವುದು ಎಂದು ಬರೆದಿರಬೇಕು. ಇವನಿಗಾದರೆ 'ಆನಂದಪುರಂನಿಂದ ಶಿವಮೊಗ್ಗ ಟೌನ್' ಎಂದು ಒಂದು ಸಾಲು. ಆ ಸಾಲೇ ಇರಲಿಲ್ಲ. ತರಗತಿಯನ್ನೂ ಬರೆದಿರಲಿಲ್ಲ. ತರಗತಿ ಗೊತ್ತಾಗದಿದ್ದರೆ ಇವನು ಪಿಯುಸಿಯೋ ಡಿಗ್ರಿಯೋ, ಪಾಸ್ ಉಚಿತವೋ ಅರ್ಧ ದರವೋ ಎಂದು ಕೌಂಟರಿನವರು ಹೇಗೆ ತಿಳಿಯಬೇಕು, ಮುಖ ನೋಡಿಯಾ? ಹುಡುಗನಿಗೆ ಮೀಸೆ ಬೇರೆ ಬಂದಿದೆ.

"ಚಿಕ್ಕಪ್ಪ, ಬಿಡಿ, ಬಸ್ಸಿಗೇ ಹೋಗ್ತೀನಿ" ಅಂದ. ಅದಕ್ಕೆ ನನಗೆ ಇನ್ನೂ ಉರಿಯಿತು. ಬಸ್ ಪಾಸ್ ಇದೆಯಲ್ಲ, ಅದೇ ಸಾಕು ಎನ್ನುವವರು ಇಲ್ಲೂ ಇರುತ್ತೀರಿ. ಇದೆ, ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿದರೆ ಸಿಗುತ್ತದೆ, ಹತ್ತು ತಿಂಗಳು ನಡೆಯುತ್ತದೆ. ಆದರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಮಲೆನಾಡಿನಲ್ಲಿ ಬೆಳಗ್ಗೆ ಊರ ಮುಂದೆ ಬಂದು ನಿಲ್ಲುವುದು ಯಾವ ಬಸ್ಸು ಎಂದು ನಿಮಗೆ ನಾನು ಹೇಳಬೇಕಾ? ಪಾಸ್ ಜೇಬಿನಲ್ಲಿಟ್ಟುಕೊಂಡು ಪ್ರೈವೇಟ್ ಬಸ್ಸಿಗೆ ದುಡ್ಡು ಕೊಡುವ ಮಕ್ಕಳು ಎಷ್ಟಿಲ್ಲ! ಜೊತೆಗೆ ಬಸ್ ಪಾಸಿಗೆ ಅರವತ್ತು ಕಿಲೋಮೀಟರಿನ ಮಿತಿ. ಸಾಗರದ ಹುಡುಗ ಶಿವಮೊಗ್ಗಕ್ಕೆ ಓಡಾಡುತ್ತೇನೆ ಅಂದರೆ ಅಲ್ಲಿಗೇ ಮುಗಿಯಿತು. ರೈಲಿನ ಪಾಸು ನೂರೈವತ್ತು ಕಿಲೋಮೀಟರಿನವರೆಗೂ ಸಿಗುತ್ತದೆ.

ರೈಲು ಲೇಟಾಗುತ್ತದೆ, ಸಂಜೆ ಸ್ಪೆಷಲ್ ಕ್ಲಾಸ್ ಇಟ್ಟರೆ ತಪ್ಪಿಹೋಗುತ್ತದೆ, ಒಪ್ಪುತ್ತೇನೆ. ಒಂದು ದಿನ ತಪ್ಪಿದರೆ ಆ ದಿನ ಬಸ್ಸಿಗೆ ಬರಲಿ. ದಿನಾ ಯಾಕೆ ದುಡ್ಡು ಕೊಡಬೇಕು? ನಾನು ಓದುವಾಗ ಬಸ್ ಚಾರ್ಜು ಉಳಿಸಲು ಮಧ್ಯಾಹ್ನ ಬರೀ ಟೀ ಕುಡಿದು ಕೂತದ್ದುಂಟು. ಮನೆಯಲ್ಲಿ ಇವತ್ತಿಗೂ ಹೇಳಿಲ್ಲ. ಆಫೀಸಿನವರಿಗೆ ಅಡ್ಮಿಷನ್ನು, ಸ್ಕಾಲರ್‌ಶಿಪ್ಪು ಎಂದು ಕೆಲಸ ಜಾಸ್ತಿ ಅಂತೀರಾ? ಒಂದು ನಮೂನೆ ಟೈಪ್ ಮಾಡಿಟ್ಟುಕೊಂಡು ಹೆಸರು, ಸ್ಟೇಷನ್ ಬದಲಿಸಿದರೆ ಆಯಿತು. ಸಾಹೇಬರು ಸಹಿ ಹಾಕುವುದಕ್ಕಿಂತ ಅವರ ಬಾಗಿಲಲ್ಲಿ ಕಾಯುವುದಕ್ಕೇ ಜಾಸ್ತಿ ಹೊತ್ತು ಹಿಡಿಯುತ್ತದೆ.

ಪಾಸ್ ಸಿಕ್ಕವರು ಕಾಯ್ದಿರಿಸಿದ ಬೋಗಿಗೆ ಹತ್ತಬೇಡಿ, ದಂಡ ಬೀಳುತ್ತದೆ. ಪಾಸಿನ ಜೊತೆ ಫೋಟೋ ಇರುವ ಗುರುತಿನ ಚೀಟಿಯೂ ಜೇಬಿನಲ್ಲಿರಲಿ, ಬರೀ ಪಾಸ್ ತೋರಿಸಿದರೆ ನಡೆಯುವುದಿಲ್ಲ. ಮುಂದಿನ ತರಗತಿಗೆ ಹೋದಮೇಲೆ ಪ್ರಿನ್ಸಿಪಾಲರಿಂದ ಹೊಸ ಪತ್ರ ತನ್ನಿ. ಎರಡನೇ ಪಿಯುಸಿ ಮುಗಿಸಿ ಡಿಗ್ರಿಗೆ ಸೇರಿದ ಹುಡುಗರಿಗೆ ಉಚಿತ ಪಾಸು ನಿಂತು ಅರ್ಧ ದರದ ವಿದ್ಯಾರ್ಥಿ ಪಾಸು ಸಿಗುತ್ತದೆ, ಸಾಮಾನ್ಯವಾಗಿ ಇಪ್ಪತ್ತೈದು ವಯಸ್ಸಿನವರೆಗೆ. ಅಲ್ಲಿ ಹೋಗಿ "ಹೋದ ವರ್ಷ ಫ್ರೀ ಕೊಟ್ಟಿದ್ರಿ" ಎಂದು ಜಗಳ ತೆಗೆಯಬೇಡಿ.

ನಾಳೆ ನಾನೇ ಪತ್ರವನ್ನು ಟೈಪ್ ಮಾಡಿಸಿಕೊಂಡು ಕಾಲೇಜಿಗೆ ಹೋಗುತ್ತಿದ್ದೇನೆ. ಸಹಿ, ಸೀಲು ಎರಡೇ ಬಾಕಿ. ತಾಳಗುಪ್ಪದಿಂದ ಭದ್ರಾವತಿಯವರೆಗೆ ಈ ಲೈನಿನಲ್ಲಿ ಮಕ್ಕಳಿರುವವರು ಕಾಮೆಂಟಿನಲ್ಲಿ ಕೇಳಿ, ಆ ನಮೂನೆ ಕಳಿಸುತ್ತೇನೆ.